24 ಬಿಟ್‌ನಿಂದ 16ಕ್ಕೆ: ಡಿದರ್ ಇಲ್ಲದೆ, ಸಾದಾ ಡಿದರ್, ನಾಯ್ಸ್ ಶೇಪಿಂಗ್

24 ಬಿಟ್ ಅಥವಾ 32 ಬಿಟ್ ಫ್ಲೋಟ್‌ನಲ್ಲಿರುವ ಮಿಕ್ಸನ್ನು 16 ಬಿಟ್‌ಗೆ ಎಕ್ಸ್‌ಪೋರ್ಟ್ ಮಾಡುವಾಗ ನಮ್ಮ ಮುಂದೆ ಮೂರು ದಾರಿಗಳಿರುತ್ತವೆ. ಡಿದರ್, ಅಂದರೆ ರೌಂಡ್ ಮಾಡುವ ಮೊದಲು ಬೇಕೆಂದೇ ಸೇರಿಸುವ ಸಣ್ಣ ನಾಯ್ಸ್, ಹಾಕದೆ ಬಿಡಬಹುದು. ಸಾದಾ ಡಿದರ್, ಅಂದರೆ ಟಿಪಿಡಿಎಫ್ ಹಾಕಬಹುದು. ಇಲ್ಲವೇ ಡಿದರ್ ಜೊತೆಗೆ, ಆ ನಾಯ್ಸನ್ನು ಕಿವಿಗೆ ಕಡಿಮೆ ಕೇಳುವ ಕಡೆಗೆ ತಳ್ಳುವ ನಾಯ್ಸ್ ಶೇಪಿಂಗ್ ಕೂಡ ಹಾಕಬಹುದು. ಮೂರನ್ನೂ ಒಂದೇ ಫೈಲ್ ಮೇಲೆ ಇಟ್ಟು ನೋಡಿದೆ. ಜೋರಾದ ಹಾಡಿನ ಮಧ್ಯಭಾಗ ಕೇಳಿದರೆ ಮೂರೂ ಒಂದೇ. ಅಲ್ಲಿ ಕಿವಿ ಕೊಟ್ಟು ಸುಮ್ನೆ ಸಮಯ ಕಳೆಯಬೇಡಿ. ವ್ಯತ್ಯಾಸ ಇರುವುದು ದನಿ ಸಾಯುವ ಜಾಗದಲ್ಲಿ: ರಿವರ್ಬ್‌ನ ಬಾಲ, ಫೇಡ್‌ ಔಟ್‌ನ ಕೊನೆಯ ಕ್ಷಣಗಳು.

16 ಬಿಟ್‌ನಲ್ಲಿ ಒಂದು ಮೆಟ್ಟಿಲು ಅಂದರೆ ಪೂರ್ಣ ಮಟ್ಟದ 32768ನೇ ಒಂದು ಭಾಗ. ಡೆಸಿಬೆಲ್‌ನಲ್ಲಿ ಸುಮಾರು -90.3. ಹಾಗಾಗಿ -100 ಡಿಬಿಯಲ್ಲಿರುವ ಒಂದು ಸೈನ್ ದನಿಯ ತುದಿ ಒಂದು ಮೆಟ್ಟಿಲಿನ ಮೂರನೇ ಒಂದು ಭಾಗದಷ್ಟೇ ಎತ್ತರ. 24 ಬಿಟ್‌ನಲ್ಲಿ ಅದು ಆರಾಮಾಗಿ ಕೂತಿರುತ್ತದೆ. 16ಕ್ಕೆ ಇಳಿಸಿದಾಗ ಅದರ ಗತಿ ಏನಾಗುತ್ತದೆ? ಇದನ್ನು `sox` ಅನ್ನುವ ಕಮಾಂಡ್‌ಲೈನ್ ಆಡಿಯೋ ಪ್ರೋಗ್ರಾಂ ಇರುವ ಯಾರು ಬೇಕಾದರೂ ನೋಡಬಹುದು.

```
sox -n -r 44100 -b 24 t.wav synth 10 sine 1000 gain -100
sox -D t.wav -b 16 a.wav
sox t.wav -b 16 b.wav dither
sox t.wav -b 16 c.wav dither -s
```

`-D` ಅಂದರೆ ಡಿದರ್ ಬೇಡ. ಅದನ್ನು ಕೊಡದಿದ್ದರೆ ಬಿಟ್ ಇಳಿಸುವಾಗ `sox` ತಾನಾಗಿಯೇ ಡಿದರ್ ಹಾಕುತ್ತದೆ. `b.wav` ಸಾದಾ ಟಿಪಿಡಿಎಫ್, `c.wav` ಶೇಪಿಂಗ್. ಕೇಳುವ ಮೊದಲು ಮೂರನ್ನೂ 24 ಬಿಟ್‌ಗೆ ಮರಳಿಸಿ 50 ಡಿಬಿ ಎತ್ತಿಕೊಳ್ಳಬೇಕು. ಅಷ್ಟು ಎತ್ತಿದ ಸೆಟ್ಟಿಂಗ್‌ನಲ್ಲೇ ಮಾಮೂಲಿ ಹಾಡು ಹಾಕಬೇಡಿ, ಕಿವಿ ಹೋಗುತ್ತದೆ.

`a.wav` ಪೂರ್ತಿ ಖಾಲಿ. ದನಿ ಅರ್ಧ ಮೆಟ್ಟಿಲನ್ನೂ ದಾಟದ ಕಾರಣ ಪ್ರತಿಯೊಂದು ಸ್ಯಾಂಪಲ್ಲೂ ಸೊನ್ನೆಗೆ ರೌಂಡ್ ಆಗಿದೆ. ರೌಂಡ್ ಮಾಡದೆ ಕೆಳಗಿನ ಬಿಟ್‌ಗಳನ್ನು ಕತ್ತರಿಸಿ ಬಿಸಾಡುವ ಪ್ರೋಗ್ರಾಂ ಆಗಿದ್ದರೆ ಇನ್ನೂ ವಿಚಿತ್ರ: ಸೈನ್ ಅಲೆ 0 ಮತ್ತು -1ರ ನಡುವೆ ಜಿಗಿಯುವ ಚೌಕ ಅಲೆ ಆಗಿಬಿಡುತ್ತದೆ, ಮೂಲಕ್ಕಿಂತ ಜೋರಾಗಿ. ಇದೇ ಪ್ರಯೋಗವನ್ನು -80 ಡಿಬಿಯಲ್ಲಿ ಮಾಡಿದರೆ, ಡಿದರ್ ಇಲ್ಲದ ಫೈಲ್‌ನಲ್ಲಿ 1 ಕಿಲೋಹರ್ಟ್ಸ್ ದನಿಯ ಜೊತೆ 3, 5, 7 ಕಿಲೋಹರ್ಟ್ಸ್‌ನಲ್ಲೂ ಗೆರೆಗಳು ಏಳುತ್ತವೆ. ಸ್ಪೆಕ್ಟ್ರೋಗ್ರಾಂ ತೆಗೆದರೆ ಕಣ್ಣಿಗೇ ಕಾಣುತ್ತದೆ. ಇಲ್ಲಿ ತಪ್ಪಿನ ಪ್ರಮಾಣ ಚಿಕ್ಕದೇ. ಆದರೆ ಆ ತಪ್ಪು ದನಿಗೆ ಅಂಟಿಕೊಂಡು ಅದರ ಜೊತೆಗೇ ಕುಣಿಯುತ್ತದೆ, ಹಾಗಾಗಿ ಕಿವಿಗೆ ಅದು ಗೊಗ್ಗರು ದನಿಯಂತೆ ಕೇಳುತ್ತದೆ.

`b.wav`ನಲ್ಲಿ ಸಣ್ಣ ಹಿಸ್ ಇದೆ, ಅದರ ಒಳಗೆ 1 ಕಿಲೋಹರ್ಟ್ಸ್ ದನಿ ಶುದ್ಧವಾಗಿ ಕೇಳಿಸುತ್ತದೆ. ಒಂದು ಮೆಟ್ಟಿಲಿಗಿಂತ ಕಡಿಮೆ ಇರುವ ದನಿ 16 ಬಿಟ್‌ನಲ್ಲಿ ಉಳಿಯಿತು ಅನ್ನುವುದು ಮೊದಲ ಸಲ ಕೇಳುವವರಿಗೆ ನಂಬಲು ಕಷ್ಟ. ಆಗುವುದು ಇಷ್ಟೇ: ರೌಂಡ್ ಮಾಡುವ ಮೊದಲು ಎರಡು ರ್‍ಯಾಂಡಮ್ ಸಂಖ್ಯೆಗಳನ್ನು ಕೂಡಿಸಿ ಸೇರಿಸುತ್ತೇವೆ. ಒಂದೊಂದರ ಹರವು ಒಂದು ಮೆಟ್ಟಿಲು. ಈಗ ಸ್ಯಾಂಪಲ್ ಕೆಲವು ಸಲ ಮೇಲಿನ ಮೆಟ್ಟಿಲಿಗೆ, ಕೆಲವು ಸಲ ಕೆಳಗಿನದಕ್ಕೆ ಬೀಳುತ್ತದೆ. ಎಷ್ಟು ಸಲ ಎತ್ತ ಅನ್ನುವುದು ಮೂಲ ದನಿಯ ಎತ್ತರವನ್ನೇ ಹಿಂಬಾಲಿಸುತ್ತದೆ, ಸರಾಸರಿಯಲ್ಲಿ ದನಿ ಹಾಗೇ ಉಳಿಯುತ್ತದೆ. ಒಂದೇ ಸಂಖ್ಯೆ ಸೇರಿಸುವ ಹಳೆ ವಿಧಾನವೂ ಇದೆ, ಆಡಾಸಿಟಿಯಲ್ಲಿ `Rectangle` ಅಂತ ಇರುವುದು ಅದೇ. ಅದು ಗೊಗ್ಗರನ್ನು ತೆಗೆಯುತ್ತದೆ, ಆದರೆ ಹಿಸ್ ಮಾತ್ರ ದನಿಯ ಜೊತೆ ಏರಿಳಿಯುತ್ತದೆ. ಎರಡು ಸಂಖ್ಯೆ ಹಾಕಿದರೆ ಹಿಸ್‌ನ ಮಟ್ಟ ಅಲುಗಾಡುವುದಿಲ್ಲ. ಅದಕ್ಕೇ ನಾನು `Rectangle` ಕಡೆ ತಿರುಗಿಯೂ ನೋಡುವುದಿಲ್ಲ.

ಬೆಲೆ ಏನು? ಡಿದರ್ ಇಲ್ಲದ ಲೆಕ್ಕಕ್ಕೆ ಹೋಲಿಸಿದರೆ ನಾಯ್ಸ್ ಸುಮಾರು 4.8 ಡಿಬಿ ಜಾಸ್ತಿ. `sox b.wav -n stats` ಕೊಟ್ಟು `RMS lev dB` ಸಾಲು ನೋಡಿದರೆ ಸುಮಾರು -95.5 ಸಿಗಬೇಕು, ಅದರಲ್ಲಿ ಹೆಚ್ಚಿನ ಪಾಲು ಹಿಸ್. ಡಿದರ್ ನಿಜವಾಗಿ ಬಿದ್ದಿದೆಯಾ ಅಂತ ತಿಳಿಯಲು ಈ ಸಾಲು ಒಳ್ಳೆ ಸಾಕ್ಷಿ.

ಈಗ `c.wav`. ಅದೇ `stats` ಇಲ್ಲಿ `b.wav`ಗಿಂತ ಹೆಚ್ಚು ನಾಯ್ಸ್ ತೋರಿಸುತ್ತದೆ. ಆದರೆ ಕಿವಿಗೆ ಹಿಸ್ ಕಡಿಮೆ, ದನಿ ಇನ್ನಷ್ಟು ಬಿಡಿಯಾಗಿ ಕೇಳುತ್ತದೆ. ಶೇಪಿಂಗ್ ನಾಯ್ಸನ್ನು ಅಳಿಸುವುದಿಲ್ಲ. ಪ್ರತಿ ಸ್ಯಾಂಪಲ್‌ನಲ್ಲಿ ಆದ ತಪ್ಪನ್ನು ಮುಂದಿನ ಸ್ಯಾಂಪಲ್‌ಗಳ ಲೆಕ್ಕಕ್ಕೆ ಸೇರಿಸಿ, ಕಿವಿ ಚುರುಕಾಗಿರುವ 2ರಿಂದ 5 ಕಿಲೋಹರ್ಟ್ಸ್‌ನಿಂದ ಅದನ್ನು 15 ಕಿಲೋಹರ್ಟ್ಸ್‌ನ ಮೇಲಕ್ಕೆ ತಳ್ಳುತ್ತದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬಲೇಬೇಕು, ಮತ್ತು ಒಟ್ಟು ಶಕ್ತಿ ಯಾವಾಗಲೂ ಹೆಚ್ಚುತ್ತದೆ. ಮೀಟರ್ ಒಂದನ್ನು ಹೇಳಿ ಕಿವಿ ಇನ್ನೊಂದನ್ನು ಹೇಳುವುದು ಇದರಿಂದಲೇ.

ಇಲ್ಲೊಂದು ಎಚ್ಚರ ಬೇಕು. 50 ಡಿಬಿ ಎತ್ತಿ ಕೇಳುವ ಪರೀಕ್ಷೆ ಶೇಪಿಂಗ್‌ಗೆ ಅನ್ಯಾಯ ಮಾಡುತ್ತದೆ. ಇದರ ಫಿಲ್ಟರ್‌ಗಳನ್ನು ರೂಪಿಸಿರುವುದು ಕೇಳಿಸೀ ಕೇಳಿಸದ ಮಟ್ಟದಲ್ಲಿ ಕಿವಿ ಹೇಗಿರುತ್ತದೆ ಅನ್ನುವುದನ್ನು ನೋಡಿ. ದನಿ ಎತ್ತಿದಂತೆಲ್ಲ ಕಿವಿಯ ಸ್ವಭಾವ ಬದಲಾಗಿ, ಮೇಲಿನ ಚೂಪು ಸದ್ದು ಚುಚ್ಚತೊಡಗುತ್ತದೆ. 30 ಡಿಬಿ ಮಾತ್ರ ಎತ್ತಿ, ಹೆಡ್‌ಫೋನ್‌ನಲ್ಲಿ, ನಿಶ್ಶಬ್ದ ಕೋಣೆಯಲ್ಲಿ ಕೇಳಿದಾಗ ಶೇಪಿಂಗ್ ಗೆದ್ದಿತು. ಪಿಯಾನೋದ ಕೊನೆಯ ಸ್ವರದ ರಿವರ್ಬ್ ಬಾಲವನ್ನು ಇದೇ ರೀತಿ ಮೂರು ಸಲ ಎಕ್ಸ್‌ಪೋರ್ಟ್ ಮಾಡಿದಾಗಲೂ ಹಾಗೇ: ಡಿದರ್ ಇಲ್ಲದ್ದು ಗೊರಗೊರ ಅಂದು ತಟ್ಟನೆ ನಿಂತಿತು, ಸಾದಾ ಡಿದರ್‌ನದು ಹಿಸ್‌ನೊಳಗೆ ಮೆಲ್ಲಗೆ ಮುಳುಗಿತು, ಶೇಪಿಂಗ್‌ನದು ಇನ್ನೂ ಸ್ವಲ್ಪ ದೂರ ಸ್ಪಷ್ಟವಾಗಿ ಹೋಯಿತು.

ಹಾಗಂತ ನಾನು ಎಲ್ಲದಕ್ಕೂ ಶೇಪಿಂಗ್ ಹಾಕುವುದಿಲ್ಲ. ಮುಂದೆ ಯಾರಾದರೂ ಆ ಫೈಲನ್ನು ಮುಟ್ಟುವ ಸಾಧ್ಯತೆ ಇದ್ದರೆ ಟಿಪಿಡಿಎಫ್ ಒಂದೇ ಸರಿ. ಉದಾಹರಣೆಗೆ, ಶೇಪ್ ಮಾಡಿದ ಫೈಲನ್ನು ಟೇಪ್ ನಿಧಾನ ಮಾಡಿದ ಹಾಗೆ ಅರ್ಧ ವೇಗಕ್ಕೆ ಇಳಿಸಿ ನೋಡಿ. 16 ಕಿಲೋಹರ್ಟ್ಸ್‌ನಲ್ಲಿ ಅಡಗಿಸಿಟ್ಟ ನಾಯ್ಸ್ 8 ಕಿಲೋಹರ್ಟ್ಸ್‌ಗೆ ಬಂದು ಕೂರುತ್ತದೆ, ಕಿವಿಗೆ ಚೆನ್ನಾಗಿ ಕೇಳುವ ಜಾಗಕ್ಕೆ. ಇಕ್ಯೂ ಹಾಕಿ ಮೇಲಿನ ಭಾಗ ಎತ್ತಿದರೂ ಇದೇ ಕಥೆ. ಎರಡೆರಡು ಸಲ ಶೇಪ್ ಮಾಡಿದರೆ ಮೇಲಿನ ಗುಡ್ಡೆ ಇನ್ನೂ ಎತ್ತರವಾಗುತ್ತದೆ. ಸಾದಾ ಡಿದರ್‌ನ ನಾಯ್ಸ್ ಎಲ್ಲ ಕಡೆ ಸಮನಾಗಿ ಹರಡಿರುವುದರಿಂದ ಈ ತೊಂದರೆಗಳು ಅಷ್ಟಾಗಿ ಇಲ್ಲ.

ಡಿದರ್ ಹಾಕಿದ ಮೇಲೆ ವಾಲ್ಯೂಮ್ ಬದಲಾಯಿಸಿ ಮತ್ತೆ 16 ಬಿಟ್‌ನಲ್ಲಿ ಡಿದರ್ ಇಲ್ಲದೆ ಸೇವ್ ಮಾಡಿದರೆ ಹೊಸದಾಗಿ ರೌಂಡಿಂಗ್ ಆಗುತ್ತದೆ, ಮಾಡಿದ್ದು ಹಾಳು. ಆದ್ದರಿಂದ ರೀಸ್ಯಾಂಪಲ್, ಫೇಡ್, ಲಿಮಿಟರ್ ಎಲ್ಲ ಮುಗಿದ ಮೇಲೆಯೇ ಡಿದರ್. ಎಂಪಿ3 ಮಾಡುವುದಾದರೆ 16ಕ್ಕೆ ಇಳಿಸುವ ಗೋಜೇ ಬೇಡ, 24 ಬಿಟ್ ಫೈಲನ್ನೇ ಎನ್‌ಕೋಡರ್‌ಗೆ ಕೊಡಿ.

ಮೈಕ್‌ನಿಂದ ಬಂದ ರೆಕಾರ್ಡಿಂಗ್‌ನಲ್ಲಿ ಕೋಣೆಯ ಸದ್ದು, ಪ್ರೀಆ್ಯಂಪ್‌ನ ಹಿಸ್ ಎಲ್ಲ ಸೇರಿ 16 ಬಿಟ್‌ನ ಮೆಟ್ಟಿಲಿಗಿಂತ ಮೇಲೇ ಇರುತ್ತದೆ. ಆ ಸದ್ದೇ ಡಿದರ್‌ನ ಕೆಲಸ ಮಾಡುವುದರಿಂದ ಮೂರು ದಾರಿಗಳಲ್ಲೂ ಫಲ ಒಂದೇ. ಆದರೆ ಅದಕ್ಕೇ ಒಂದು ಫೇಡ್‌ ಔಟ್ ಹಾಕಿ ನೋಡಿ: ಫೇಡ್ ಆ ಹಿಸ್ಸನ್ನೂ ಕೆಳಗಿಳಿಸುತ್ತದೆ, ಕೊನೆಯಲ್ಲಿ ಕಾಯಲು ಏನೂ ಉಳಿಯುವುದಿಲ್ಲ. ಪ್ಲಗಿನ್ ರಿವರ್ಬ್, ಸಿಂಥ್ ದನಿಗಳಿಗೆ ಮೊದಲಿಂದಲೂ ಆ ಹಿಸ್ ಇರುವುದಿಲ್ಲ. ಇಂಥ ಕಡೆ ನಾನು ಕೇಳುಗರ ಕೈಗೆ ನೇರ ಹೋಗುವ 44.1 ಕಿಲೋಹರ್ಟ್ಸ್ ಫೈಲ್‌ಗೆ ಮಾತ್ರ ಶೇಪಿಂಗ್ ಆರಿಸುತ್ತೇನೆ. ಮಿಕ್ಕಿದ್ದಕ್ಕೆಲ್ಲ ಟಿಪಿಡಿಎಫ್, ಮೂಲದ 24 ಬಿಟ್ ಫೈಲ್ ಪಕ್ಕದಲ್ಲೇ ಇರುತ್ತದೆ.