ಪಂಪ್ ಇರುವ ಬಬಲ್ ಏರ್ ಬೆಡ್: ವರ್ಷ ಬಳಸಿದ ಮೇಲೆ, ಜ್ವರದ ದಿನಗಳನ್ನೂ ಸೇರಿಸಿ

ಅತ್ತೆಗೆ ಲಕ್ವ ಹೊಡೆದು ಎಡಭಾಗದ ಸ್ವಾಧೀನ ಹೋಗಿದೆ. ಒಂದೇ ಕಡೆ ಮಲಗಿ ಮೈಮೇಲೆ ಬೆಡ್ ಸೋರ್ ಹುಣ್ಣಾಗದಿರಲೆಂದು, ಆಸ್ಪತ್ರೆಯಿಂದ ಮನೆಗೆ ಕರೆತಂದಾಗಲೇ ಈ ಏರ್ ಬೆಡ್ ಕೊಂಡೆವು, ಮೂರು ಸಾವಿರದ ಆಸುಪಾಸು ಆಯಿತು. ಈಗ ವರ್ಷದ ಮೇಲಾಯಿತು. ಗುಳ್ಳೆಗಳು ಸರದಿಯಲ್ಲಿ ಉಬ್ಬಿ ಇಳಿಯುವುದು, ಪಂಪನ್ನು ಮಂಚದ ಕಾಲ್ದೆಸೆಗೆ ಸಿಕ್ಕಿಸುವುದು, ಇವೆಲ್ಲ ಡಬ್ಬದ ಮೇಲೇ ಇದೆ. ಅಂಗಡಿಯವರು ಹೇಳಿದ ಒಂದು ಮಾತಿನ ಮೇಲೆ ಮಾತ್ರ ನನಗೆ ಇವತ್ತಿಗೂ ಸಿಟ್ಟಿದೆ. “ಇದರ ಮೇಲೆ ಮಲಗಿಸಿಬಿಡಿ ಮೇಡಂ, ಮಗ್ಗುಲು ಬದಲಿಸೋ ತಾಪತ್ರಯವೇ ಇರಲ್ಲ.” ಹಾಗೆ ನಂಬಿ ಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ಹಾಸಿಗೆ ಒತ್ತಡವನ್ನು ಹಂಚುತ್ತದೆ, ಅಷ್ಟೇ. ಮಗ್ಗುಲು ಬದಲಿಸುವ ಕೆಲಸ ನಮ್ಮದೇ.

ಮೊದಲ ತಿಂಗಳುಗಳಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಪಂಪಿನ ಸಣ್ಣ ಗುಂಯ್ ಸದ್ದು ಅತ್ತೆಗೆ ಅಭ್ಯಾಸವಾಗಿ, ಅದು ನಿಂತರೇ ಎಚ್ಚರವಾಗುವಂತಾಯಿತು. ಬೇಸಿಗೆಯಲ್ಲಿ ಮೂತ್ರದ ಸೋಂಕಾಗಿ ಜ್ವರ ಬಂದಾಗ ಇದರ ದೊಡ್ಡ ದೋಷ ಕಾಣಿಸಿತು. ಈ ಹಾಸಿಗೆ ಪೂರ್ತಿ ಪ್ಲಾಸ್ಟಿಕ್, ಬೆವರನ್ನು ಒಂದಿಷ್ಟೂ ಹೀರುವುದಿಲ್ಲ. ಜ್ವರ ಇಳಿಯುವ ಹೊತ್ತಿಗೆ ಬರುವ ಬೆವರೆಲ್ಲ ಬೆನ್ನಿನಡಿಯಲ್ಲೇ ನಿಲ್ಲುತ್ತಿತ್ತು. ಒದ್ದೆಯಾಗಿ ಮೆತ್ತಗಾದ ಚರ್ಮ ಬೇಗ ಸವೆದು ಕೀಳುತ್ತದೆ. ಜ್ವರದಲ್ಲಿ ಮೈಗೆ ಆಮ್ಲಜನಕ, ಆಹಾರ ಎರಡೂ ಹೆಚ್ಚು ಬೇಕು. ರೋಗಿ ಮಾತ್ರ ಊಟ ಬಿಟ್ಟಿರುತ್ತಾರೆ, ನೀರೂ ಸರಿಯಾಗಿ ಕುಡಿಯುವುದಿಲ್ಲ. ಬೇರೆ ದಿನ ತಡೆದುಕೊಳ್ಳುವ ಒತ್ತಡವನ್ನೇ ಆ ದಿನಗಳಲ್ಲಿ ಚರ್ಮ ತಡೆಯುವುದಿಲ್ಲ.

“ಬೆನ್ನಡಿ ಉರೀತಿದೆ ಕಣೇ” ಎಂದರು ಒಂದು ಸಂಜೆ. ಮಗ್ಗುಲಿಗೆ ತಿರುಗಿಸಿ ನೋಡಿದರೆ ಪೃಷ್ಠ ಸೀಳುವ ಜಾಗಕ್ಕೆ ಸ್ವಲ್ಪ ಮೇಲೆ, ಮೂಳೆ ಕೈಗೆ ಸಿಗುವಲ್ಲಿ, ರೂಪಾಯಿ ನಾಣ್ಯದಷ್ಟು ಕಲೆ. ನಮ್ಮಂಥ ಗೋಧಿ ಬಣ್ಣ, ಕಪ್ಪು ಬಣ್ಣದ ಮೈಯಲ್ಲಿ ಅದು ಪುಸ್ತಕದ ಚಿತ್ರದ ಹಾಗೆ ಕೆಂಪಗೆ ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಗಾಢವಾಗಿ, ನೇರಳೆ ಛಾಯೆಯಲ್ಲಿತ್ತು. ಕೈ ಹಿಂಬದಿಯಿಂದ ಮುಟ್ಟಿದರೆ ಆ ಜಾಗ ಮಾತ್ರ ಬಿಸಿ, ಸ್ವಲ್ಪ ಗಟ್ಟಿ. ಬೆರಳಿಂದ ಮೂರು ಸೆಕೆಂಡು ಒತ್ತಿ ಬಿಟ್ಟೆ. ಒತ್ತಿದಾಗ ಬಣ್ಣ ತಿಳಿಯಾಗಿ ಮತ್ತೆ ತುಂಬಿಕೊಂಡರೆ ರಕ್ತ ಇನ್ನೂ ಸರಿಯಾಗಿ ಓಡುತ್ತಿದೆ ಎಂದು ಲೆಕ್ಕ. ಇಲ್ಲಿ ಬಣ್ಣ ಕದಲಲಿಲ್ಲ. ಅರ್ಧ ಗಂಟೆ ಆ ಜಾಗಕ್ಕೆ ಭಾರವೇ ಬೀಳದಂತೆ ಮಲಗಿಸಿ ಮತ್ತೆ ನೋಡಿದರೂ ಹಾಗೇ ಇತ್ತು. ಬೆಡ್ ಸೋರಿನ ಮೊದಲ ಹಂತ ಇದೇ. ಚರ್ಮ ಒಡೆದಿರುವುದಿಲ್ಲ, ಆದ್ದರಿಂದ ಇಲ್ಲೇ ತಡೆಯಬಹುದು. ಕಪ್ಪು ಚರ್ಮದಲ್ಲಿ ಒತ್ತಿದಾಗಿನ ಬದಲಾವಣೆ ಕಣ್ಣಿಗೆ ತಿಳಿಯದಿದ್ದರೆ ಬಿಸಿ, ಗಟ್ಟಿತನ, ನೋವು, ಇವನ್ನೇ ನಂಬಬೇಕು.

ನೋಡಲು ಬಂದ ನಾದಿನಿ ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕೋಣ ಎಂದರು. ಬೇಡ ಅಕ್ಕ ಎಂದೆ. ಒಳಗಿನ ಸಣ್ಣ ರಕ್ತನಾಳಗಳು ಆಗಲೇ ನಲುಗಿರುತ್ತವೆ, ತಿಕ್ಕಿದರೆ ಪೆಟ್ಟು ಹೆಚ್ಚಾಗುತ್ತದೆ. ನಡುವೆ ತೂತಿರುವ ರಿಂಗ್ ದಿಂಬನ್ನೂ ತರಲಿಲ್ಲ, ಅದು ಸುತ್ತಲಿನ ಅಂಚನ್ನು ಒತ್ತಿ ನಡುವಿನ ಜಾಗಕ್ಕೆ ರಕ್ತ ಬರದಂತೆ ಮಾಡುತ್ತದೆ.

ಅವತ್ತಿಂದ ಬೆನ್ನ ಮೇಲೆ ಮಲಗಿಸುವುದನ್ನೇ ನಿಲ್ಲಿಸಿದೆವು. ಎರಡು ಗಂಟೆ ಬಲಕ್ಕೆ, ಆಮೇಲೆ ಎಡಕ್ಕೆ. ಸ್ವಾಧೀನವಿಲ್ಲದ ಎಡ ಮಗ್ಗುಲಲ್ಲಿ ನೋವಾದರೂ ಅವರಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಆ ಕಡೆ ಒಂದೇ ಗಂಟೆ. ಮಂಚದ ಪಕ್ಕದ ಗೋಡೆಗೆ ಕ್ಯಾಲೆಂಡರ್ ಹಾಳೆ ಅಂಟಿಸಿ ಹೊತ್ತು, ಮಗ್ಗುಲು, ಕಂಡ ಕಲೆ ಬರೆಯುತ್ತಿದ್ದೆವು. ರಾತ್ರಿ ಹನ್ನೆರಡರವರೆಗೆ ನನ್ನ ಪಾಳಿ, ಅಲ್ಲಿಂದಾಚೆ ಯಜಮಾನರದ್ದು. ಪೂರ್ತಿ ಮಗ್ಗುಲಾಗಿ ಮಲಗಿಸಿದರೆ ಸೊಂಟದ ಪಕ್ಕದ ಮೂಳೆಯ ಮೇಲೆ ಎಲ್ಲ ಭಾರ ಬೀಳುತ್ತದೆ. ಅದಕ್ಕೆ ಮೂವತ್ತು ಡಿಗ್ರಿ ಮಾತ್ರ ವಾಲಿಸಿ, ಬೆನ್ನ ಹಿಂದೆ ಹೆಗಲಿಂದ ಸೊಂಟದವರೆಗೆ ದಿಂಬು, ಎರಡು ಮಂಡಿಗಳ ನಡುವೆ ಇನ್ನೊಂದು. ಆಮೇಲೆ ಕಲೆಯ ಅಡಿಗೆ ಅಂಗೈ ತೂರಿಸಿ ನೋಡುತ್ತಿದ್ದೆ. ಆ ಜಾಗ ಹಾಸಿಗೆಗೆ ತಾಗದೆ ಇದ್ದರೆ ವಾಲಿಸಿದ್ದು ಸರಿ.

ಹಿಮ್ಮಡಿಗೆ ಈ ಹಾಸಿಗೆಯಿಂದ ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲ. ಮೀನಖಂಡದ ಉದ್ದಕ್ಕೂ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿ ನಿಲ್ಲುವಂತೆ ಮಾಡಲೇಬೇಕು. ಊಟದ ಹೊತ್ತು ಬಿಟ್ಟರೆ ತಲೆಯ ಕಡೆ ಮೂವತ್ತು ಡಿಗ್ರಿಗಿಂತ ಎತ್ತರಿಸುವುದಿಲ್ಲ, ಎತ್ತರಿಸಿದರೆ ಮೈ ಕೆಳಕ್ಕೆ ಜಾರುತ್ತಾ ಬೆನ್ನಿನ ಚರ್ಮ ಒಳಗೊಳಗೇ ಎಳೆದಾಡುತ್ತದೆ. ಮೇಲಕ್ಕೆ ಸರಿಸುವಾಗಲೂ ಕಂಕುಳ ಹಿಡಿದು ಎಳೆಯದೆ, ಅಡಿಗೆ ಹಾಕಿದ ಮಡಿಸಿದ ಬಟ್ಟೆಯನ್ನು ಇಬ್ಬರು ಎರಡು ಕಡೆ ಹಿಡಿದು ಎತ್ತುತ್ತೇವೆ.

ಬೆವರಿಗೆ ಕೊನೆಗೂ ದಾರಿ ಸಿಕ್ಕಿದ್ದು ಹಳೇ ಕಾಟನ್ ಸೀರೆಯಲ್ಲಿ. ಆಸ್ಪತ್ರೆಯಿಂದ ತಂದ ರಬ್ಬರ್ ಶೀಟನ್ನು ತೆಗೆದು ಹಾಕಿದೆ, ಪ್ಲಾಸ್ಟಿಕ್ ಮೇಲೆ ಇನ್ನೊಂದು ರಬ್ಬರ್ ಇಟ್ಟರೆ ಬೆವರೂ ಹೆಚ್ಚು, ಗುಳ್ಳೆಗಳ ಕೆಲಸವೂ ಮೈಗೆ ಮುಟ್ಟುವುದಿಲ್ಲ. ತೊಳೆದು ತೊಳೆದು ಮೆತ್ತಗಾದ ಸೀರೆ ಒಂದೇ ಪದರ, ಬಿಗಿಯಾಗಿ ಎಳೆಯದೆ, ಮಡಿಕೆ ನಿಲ್ಲದ ಹಾಗೆ. ಜ್ವರ ಬಿಟ್ಟು ಬೆವತ ಕೂಡಲೇ ಸೀರೆ ಬದಲು. ಉಗುರು ಬೆಚ್ಚಗಿನ ನೀರಲ್ಲಿ ಒರೆಸಿ, ಉಜ್ಜದೆ ಒತ್ತಿ ಒತ್ತಿ ನೀರು ತೆಗೆದು, ಡೈಪರ್ ತಾಗುವ ಕಡೆ ತೆಳ್ಳಗೆ ವ್ಯಾಸಲಿನ್. ಪೌಡರ್ ಹಾಕುವುದಿಲ್ಲ, ಬೆವರಿಗೆ ಗಟ್ಟಿಯಾಗಿ ಮಡಿಕೆಗಳಲ್ಲಿ ಮರಳಿನಂತೆ ಉಜ್ಜುತ್ತದೆ. ಇದೇ ಹೊತ್ತಲ್ಲಿ ಮುಖ ತೊಳೆಸಿದಷ್ಟೇ ಸಹಜವಾಗಿ ಹಿಮ್ಮಡಿ, ಗಿಣ್ಣು, ಸೊಂಟ, ಮೊಣಕೈ, ಹೆಗಲ ಮೂಳೆ, ಕಿವಿ, ತಲೆಯ ಹಿಂಭಾಗ ನೋಡಿ ಮುಗಿಸುತ್ತೇನೆ. ಅತ್ತೆಯೇ “ಕಿವಿ ನೋಡಿದ್ಯಾ?” ಎಂದು ಕೇಳುತ್ತಾರೆ, ಅದು ನನಗೆ ಬಹಳ ಇಷ್ಟ.

ಜ್ವರಕ್ಕೆ ಡಾಕ್ಟರು ಕೊಟ್ಟ ಔಷಧಿ ನಡೆಯುತ್ತಲೇ ಇತ್ತು, ಕಲೆ ಕೆಲವು ದಿನಗಳಲ್ಲಿ ಮಾಸಿತು. ಚರ್ಮ ಒಡೆದಿದ್ದರೆ, ಬೊಕ್ಕೆ ಎದ್ದಿದ್ದರೆ, ಕಪ್ಪಾಗಿದ್ದರೆ, ವಾಸನೆ ಅಥವಾ ಕೀವು ಇದ್ದಿದ್ದರೆ ನಾನು ಮನೆಯಲ್ಲಿ ಕಾಯುತ್ತಿರಲಿಲ್ಲ. ಅಂಥ ಹೊತ್ತಲ್ಲಿ ಹುಣ್ಣಿನ ಸೋಂಕೇ ಜ್ವರಕ್ಕೆ ಕಾರಣವಾಗಿರಬಹುದು.

ಇಷ್ಟೆಲ್ಲ ದೂರಿದರೂ ಈ ಹಾಸಿಗೆಯನ್ನು ಹಿಂದಿರುಗಿಸುವ ಯೋಚನೆ ನನಗಿಲ್ಲ. ಎರಡು ಪಾಳಿಗಳ ನಡುವಿನ ಹೊತ್ತನ್ನು ಅದು ಸುಧಾರಿಸಿಕೊಳ್ಳುತ್ತದೆ, ಈ ದುಡ್ಡಿಗೆ ಅದು ಕಮ್ಮಿಯಲ್ಲ. ಗಾಳಿಯ ಒತ್ತಡ ಸರಿಯಿದೆಯೇ ಎಂದು ಮಾತ್ರ ಪಂಪಿನ ಗುಬುಟಿನ ಅಂಕಿಯೊಂದನ್ನೇ ನಂಬಬೇಡಿ. ಏರ್ ಬೆಡ್‌ಗೂ ಕೆಳಗಿನ ಹಾಸಿಗೆಗೂ ನಡುವೆ, ಅವರ ಸೊಂಟದಡಿಗೆ ಅಂಗೈ ತೂರಿಸಿ. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು, ಸುಮಾರು ಒಂದಿಂಚು ಗಾಳಿ ಅಡ್ಡವಿರಬೇಕು. ಕರೆಂಟ್ ಹೋದರೆ ನಮ್ಮದು ಮೆಲ್ಲಗೆ ಇಳಿದುಹೋಗುತ್ತದೆ, ಅದಕ್ಕೆ ಪಂಪನ್ನು ಯುಪಿಎಸ್ ಪ್ಲಗ್ಗಿಗೆ ಹಾಕಿದ್ದೇವೆ. ಅದು ತಿನ್ನುವ ಕರೆಂಟ್ ಬಹಳ ಕಡಿಮೆ.

ತಾವಾಗಿಯೇ ಹೊರಳಬಲ್ಲವರಿಗೆ ಇದನ್ನು ತರಬೇಡಿ. ಗಾಳಿಯ ಮೇಲೆ ಕೈ ಊರಿ ಏಳುವುದು ಕಷ್ಟ, ಇದ್ದ ಚಲನೆಯೂ ಕಮ್ಮಿಯಾಗುತ್ತದೆ. ಅಂಥವರಿಗೆ ಒಳ್ಳೆಯ ದಪ್ಪ ಫೋಮ್ ಹಾಸಿಗೆಯೇ ವಾಸಿ. ಐದಕ್ಕೆ ಮೂರೂವರೆ ಕೊಡುತ್ತೇನೆ, ಒಂದೂವರೆ ಕಳೆದದ್ದು ಬೆವರಿಗೆ ಮತ್ತು ಹಿಮ್ಮಡಿಗೆ.