ಗೆಳೆಯನ ಮುಖ ಕಾಮಿಕ್ಸ್‌ನಲ್ಲಿ ಬದಲಾಗಬಾರದು: ಫೋಟೋ ಟ್ರೇಸ್ ಮಾಡೋದಾ, ಮಾಡೆಲ್ ಶೀಟ್ ಬರೆಯೋದಾ?

ನಾಲ್ಕೈದು ಚೌಕದ ಹುಟ್ಟುಹಬ್ಬದ ಕಾಮಿಕ್ಸ್ ಆದರೆ ಫೋಟೋ ಟ್ರೇಸ್ ಸಾಕು. ಹೋಲಿಕೆ ತಕ್ಷಣ ಬರುತ್ತದೆ. ಆದರೆ ಬೇರೆಬೇರೆ ಫೋಟೋ ಬಳಸಿದರೆ ಚೌಕದಿಂದ ಚೌಕಕ್ಕೆ ಮುಖವೇ ಬೇರೆಯಾಗುತ್ತದೆ. ಕೈ ಚಾಚಿ ತೆಗೆದ ಸೆಲ್ಫಿಯಲ್ಲಿ ಮೂಗು ದೊಡ್ಡದು, ಕಿವಿ ಚಿಕ್ಕದು. ದೂರದಿಂದ ತೆಗೆದದ್ದರಲ್ಲಿ ಹಾಗಿರುವುದಿಲ್ಲ. ಕೆಲವು ಫೋನ್‌ಗಳು ಸೆಲ್ಫಿಯನ್ನು ಕನ್ನಡಿಯಂತೆ ತಿರುಗಿಸಿ ಉಳಿಸುತ್ತವೆ. ಆಗ ಎಡ ಬೈತಲೆ ಬಲಕ್ಕೆ ಹೋಗುತ್ತದೆ. ಹಾಗಾಗಿ ಎಲ್ಲ ಫೋಟೋವನ್ನೂ ಎರಡು ಮೀಟರ್ ದೂರದಿಂದ, ಹಿಂಬದಿ ಕ್ಯಾಮೆರಾದಲ್ಲಿ, ಸ್ವಲ್ಪ ಝೂಮ್ ಮಾಡಿ ತೆಗೆಯಿರಿ.

ಕಥೆ ಉದ್ದವಿದ್ದರೆ, ಒಂದೇ ಮುಖವನ್ನು ಹಲವು ಕೋನಗಳಿಂದ ಬರೆದಿಟ್ಟುಕೊಳ್ಳುವ ಮಾಡೆಲ್ ಶೀಟೇ ಸರಿ ಅಂತ ನನ್ನ ಅಭಿಪ್ರಾಯ. ಮೊದಲಿಗೆ ಸಮಯ ಜಾಸ್ತಿ ಬೇಕು, ನಿಜ. ಒಂದೇ ಹಾಳೆಯಲ್ಲಿ ಎದುರು, ಮುಕ್ಕಾಲು, ಪಕ್ಕ, ಮೇಲೆ ನೋಡುವ, ಕೆಳಗೆ ನೋಡುವ ಮುಖಗಳನ್ನು ಒಂದೇ ಅಳತೆಯಲ್ಲಿ ಬರೆಯಿರಿ. ಮೊದಲ ಮೂರಕ್ಕೆ ಹುಬ್ಬು, ಮೂಗಿನ ತುದಿ, ಗದ್ದದ ಮಟ್ಟದಲ್ಲಿ ಮೂರೂ ಮುಖಗಳನ್ನು ದಾಟುವ ಅಡ್ಡ ಗೆರೆ ಎಳೆಯಿರಿ. ಆಮೇಲೆ ಬಿಡದೆ ಹಿಡಿಯಬೇಕಾದ ಮೂರು ಗುರುತು ಆರಿಸಿ. ಗೆಳೆಯನಿಗೆ ಕೂಡುಹುಬ್ಬು, ಅಗಲ ದವಡೆ, ಎಡ ಬೈತಲೆ ಇದೆ ಅಂದುಕೊಳ್ಳಿ. ನಕ್ಕಾಗ ಕೆನ್ನೆ ಉಬ್ಬುತ್ತದೆ, ಕಣ್ಣು ಸಣ್ಣದಾಗುತ್ತದೆ. ಆದರೆ ಹುಬ್ಬಿನ ದಪ್ಪ, ದವಡೆಯ ಅಗಲ ಬದಲಾಗಬಾರದು. ಹೋಲಿಕೆ ತಪ್ಪುವುದು ಸಾಮಾನ್ಯವಾಗಿ ಇಲ್ಲೇ.

ಪರೀಕ್ಷೆ ಸುಲಭ: ಎಲ್ಲ ಚೌಕಗಳ ತಲೆಗಳನ್ನು ಕತ್ತರಿಸಿ, ಒಂದೇ ಗಾತ್ರಕ್ಕೆ ತಂದು, ಸಾಲಾಗಿ ಇಟ್ಟು ನೋಡಿ. ದವಡೆ ಸಣ್ಣಗಾದ ತಲೆ ತಕ್ಷಣ ಕಣ್ಣಿಗೆ ಬೀಳುತ್ತದೆ. ತೀರಾ ಕೆಳಗಿನಿಂದ ನೋಡುವಂಥ ಕಷ್ಟದ ಕೋನಕ್ಕೆ ಮಾತ್ರ ಫೋಟೋ ತೆಗೆದು, ಶೀಟ್ ಪಕ್ಕದಲ್ಲಿಟ್ಟು ತಿದ್ದಿಕೊಳ್ಳಿ.