ಶ್ರುತಿ ಇಳಿಸಲು ಆಡಾಸಿಟಿ: ಮೂರು ಸೆಮಿಟೋನ್‌ವರೆಗೆ ಭೇಷ್, ಆಮೇಲೆ ಎಚ್ಚರ

ಬಳಕೆ: ನಾಲ್ಕು ವರ್ಷ, ಮೈಸೂರು. ಅಂಕ: 5ಕ್ಕೆ 4

ಮೈಸೂರಿನ ಕರೋಕೆ ಬಳಗವಿರಲಿ, ಮಂಡ್ಯದ ಗಣೇಶನ ಆರ್ಕೆಸ್ಟ್ರಾ ಇರಲಿ, ಗಾಯಕರು ಕೇಳುವುದು ಒಂದೇ: 'ಎರಡು ಸ್ಕೇಲ್ ಇಳಿಸಿಕೊಡಿ ಸಾರ್.' ಒಬ್ಬರಿಗೆ ಸ್ಕೇಲ್ ಅಂದರೆ ಒಂದು ಮನೆ, ಇನ್ನೊಬ್ಬರಿಗೆ ಎರಡು ಮನೆ. ಧ್ವನಿ ತಿದ್ದುವ ತಂತ್ರಾಂಶವಾದ ಆಡಾಸಿಟಿ ಲೆಕ್ಕ ಹಾಕುವುದು ಸೆಮಿಟೋನಿನಲ್ಲಿ, ಅಂದರೆ ಹಾರ್ಮೋನಿಯಂನ ಕಪ್ಪು ಬಿಳಿ ಎರಡೂ ಸೇರಿಸಿ ಒಂದೊಂದೇ ಮನೆ. ಹಾಗಾಗಿ ಎಷ್ಟು ಇಳಿಸಬೇಕೆಂದು ಕೇಳುವುದಕ್ಕಿಂತ ಗಾಯಕರ ಅತಿ ಮೇಲಿನ ಸ್ವರವನ್ನು ಕೀಬೋರ್ಡಿನಲ್ಲಿ ಹಿಡಿದು ನೋಡುವುದೇ ಸರಿ.

ಒಂದು ಹಾಡು ಡಿ ಸ್ಕೇಲಿನಲ್ಲಿದೆ, ಚರಣದಲ್ಲಿ ಮೇಲಿನ ಎ ಮುಟ್ಟುತ್ತದೆ ಎಂದುಕೊಳ್ಳಿ. ಗಾಯಕರು ಎಳೆಯದೆ ಹಾಡುವುದು ಎಫ್ ಶಾರ್ಪ್‌ವರೆಗೆ. ಎ ಇಂದ ಎಫ್ ಶಾರ್ಪ್‌ಗೆ ಮೂರು ಸೆಮಿಟೋನ್. ಹಾಡು ಬಿ ಸ್ಕೇಲಿಗೆ ಬರುತ್ತದೆ. ಕೆಳಗಿನ ಡಿ ಕೂಡ ಬಿ ಆಗುತ್ತದೆ, ಆದ್ದರಿಂದ ಪಲ್ಲವಿಯ ಆ ತಗ್ಗು ಸ್ವರ ಮೈಕಿನಲ್ಲಿ ಕೇಳುತ್ತದೆಯೇ ಎಂದು ಒಮ್ಮೆ ಹಾಡಿಸಿ ನೋಡಬೇಕು.

ಟ್ರ್ಯಾಕ್ ಪೂರ್ತಿ ಆಯ್ದು, Effect ಮೆನುವಿನ `Pitch and Tempo` ಒಳಗೆ `Change Pitch` ತೆರೆದು, `Semitones` ಜಾಗದಲ್ಲಿ -3 ಹಾಕಿ. ಪಕ್ಕದ `Change Speed and Pitch` ಬೇಡ, ಅದರಲ್ಲಿ ತಾಳವೂ ನಿಧಾನವಾಗುತ್ತದೆ. ಕೆಳಗೆ `Use high quality stretching` ಎಂಬ ಗುರುತು ಇದೆ. ಅದನ್ನು ಹಾಕಿದರೆ ಪಿಟೀಲು, ಕೊಳಲು ನಯವಾಗಿ ಬರುತ್ತವೆ, ಆದರೆ ತಬಲಾದ ಪೆಟ್ಟು ಸ್ವಲ್ಪ ಮೆತ್ತಗಾಗುತ್ತದೆ. ತೆಗೆದರೆ ಕೆಲವು ಟ್ರ್ಯಾಕುಗಳಲ್ಲಿ ಒಂದೇ ಪೆಟ್ಟು ಎರಡಾಗಿ ಕೇಳುತ್ತದೆ. ತಾಳ ಜೋರಾಗಿರುವ ಹತ್ತು ಸೆಕೆಂಡನ್ನು ಎರಡೂ ರೀತಿ ಮಾಡಿ, ಹೆಡ್‌ಫೋನಿನಲ್ಲಿ ಕೇಳಿಯೇ ಆಯ್ಕೆ ಮಾಡಿ.

ಅಸಹಜತೆ ಮೊದಲು ಸಿಕ್ಕಿಬೀಳುವುದು ಕೋರಸ್‌ನಲ್ಲಿ. ಸ್ವರದ ಜೊತೆ ಗಂಟಲಿನ ಗುಣವೂ ಕೆಳಗಿಳಿಯುವುದರಿಂದ ಹೆಣ್ಣುಮಕ್ಕಳ ಕೋರಸ್ ದಪ್ಪ ದನಿಯಾಗುತ್ತದೆ. ಏರಿಸಿದರೆ ಮಕ್ಕಳ ದನಿಯಂತಾಗುತ್ತದೆ. ಕೋರಸ್ ಇಲ್ಲದ ಟ್ರ್ಯಾಕ್ ನಾಲ್ಕು ಸೆಮಿಟೋನನ್ನೂ ತಡೆಯುತ್ತದೆ, ಕೋರಸ್ ಇದ್ದರೆ ಎರಡೇ ಸಾಕು. ಐದು ಬೇಕಾದರೆ ಆ ಸ್ಕೇಲಿನಲ್ಲೇ ನುಡಿಸಿದ ಬೇರೆ ಟ್ರ್ಯಾಕ್ ಹುಡುಕುವುದೇ ಮೇಲು.

ಇನ್ನೊಂದು ದೊಡ್ಡ ತಪ್ಪೆಂದರೆ, ವಾಟ್ಸಾಪಿನಲ್ಲಿ ಬಂದ, ಯಾರೋ ಆಗಲೇ ನಾಲ್ಕು ಇಳಿಸಿದ ಫೈಲನ್ನು ಮತ್ತೆ ಒಂದು ಏರಿಸುವುದು. ಪ್ರತಿ ಸಲವೂ ಧ್ವನಿ ಸವೆಯುತ್ತದೆ, ಝಲ್ಲರಿ ನೀರಿನೊಳಗಿಂದ ಬಂದಂತೆ ಗುಳುಗುಳು ಅನ್ನುತ್ತದೆ. ಮೂಲ ಫೈಲಿನಿಂದಲೇ ಒಂದೇ ಸಲ ಇಳಿಸಿ, WAV ಆಗಿ ಉಳಿಸಿಕೊಳ್ಳಿ.

ಜೊತೆಗೆ ಲೈವ್ ಕೀಬೋರ್ಡ್ ಇದ್ದರೆ ಇನ್ನೂ ಒಂದು ಪರೀಕ್ಷೆ ಬೇಕು. ಹಳೆಯ ಧ್ವನಿಮುದ್ರಣದಿಂದ ಮಾಡಿದ ಟ್ರ್ಯಾಕ್ ಎಷ್ಟೋ ಸಲ ಎರಡು ಮನೆಗಳ ನಡುವೆ ನಿಂತಿರುತ್ತದೆ. ಅದನ್ನು ಸರಿಯಾಗಿ ಮೂರು ಇಳಿಸಿದರೂ ಕೀಬೋರ್ಡಿಗೆ ಕೂಡುವುದಿಲ್ಲ. ಷಡ್ಜ ಒತ್ತಿ ಹಿಡಿದಾಗ ಅಲೆಅಲೆಯಾಗಿ ಕೇಳಿದರೆ -3ರ ಬದಲು -2.8 ಅಥವಾ -3.2 ಹಾಕಿ ನೋಡಿ, ಅಲೆ ನಿಲ್ಲುವ ಅಂಕಿಯೇ ಸರಿ. ಹೀಗೆ ದಶಾಂಶದಲ್ಲಿ ಹೊಂದಿಸಲು ಬಿಡುವುದಕ್ಕೇ ನಾನು ಇದನ್ನು ಬಿಟ್ಟಿಲ್ಲ. ಒಂದು ಅಂಕ ಕಳೆದದ್ದು ಕೋರಸ್‌ಗಾಗಿ: ಗಂಟಲಿನ ಗುಣವನ್ನು ಹಾಗೇ ಉಳಿಸಿಕೊಂಡು ಸ್ವರ ಮಾತ್ರ ಇಳಿಸುವ ಆಯ್ಕೆ ಈ ಎಫೆಕ್ಟಿನಲ್ಲಿ ಇಲ್ಲ.